ಮಷಿನ್ ಬಿಲ್ಲು ಒಂದೇ ಇರಬಹುದು, ಅದು ಸೇರುವ ಖಾತೆ ಒಂದಲ್ಲ

ನಮ್ಮ ಕರಾವಳಿಯ ಐಸ್ ಪ್ಲಾಂಟ್‌ಗಳಿಗೆ ಹೊಸ ಮಷಿನ್ ಕೂರಿಸಲು ಸಿಗುವ ಬಿಡುವು ಎಂದರೆ ಮೀನುಗಾರಿಕೆ ನಿಷೇಧದ ಅವಧಿ. ಜೂನ್ 1ರಿಂದ ಜುಲೈ 31ರವರೆಗೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿಕೊಂಡೇ ಇರುತ್ತವೆ, ಐಸ್ ಕೇಳುವವರಿರುವುದಿಲ್ಲ. ಆಗಸ್ಟ್ ಬಂದು ವ್ಯಾಪಾರ ಶುರುವಾದ ಮೇಲೆ ಬಿಲ್ಲುಗಳ ಕಟ್ಟು ಲೆಕ್ಕ ಬರೆಯುವವರ ಮೇಜಿಗೆ ಬರುತ್ತದೆ. ಜೊತೆಗೆ ಒಂದು ಮಾತು: "ಎಲ್ಲ ಮಷಿನ್ನಿಂದೇ ಅಲ್ವಾ, ಒಂದೇ ಖಾತೆಗೆ ಹಾಕ್ಬಿಡಿ."

ಹಾಗೆ ಹಾಕಬಾರದು. ಮಷಿನ್ನಿನ ಬೆಲೆಯನ್ನಷ್ಟೇ ಆಸ್ತಿಗೆ ಹಾಕಿ, ಲಾರಿ ಬಾಡಿಗೆ, ಕ್ರೇನ್, ಫಿಟ್ಟರ್ ಕೂಲಿಯನ್ನೆಲ್ಲ ಈ ವರ್ಷದ ಖರ್ಚಿಗೆ ತಳ್ಳುವುದೂ ಅಷ್ಟೇ ತಪ್ಪು. ಆಸ್ತಿಯನ್ನೂ ಖರ್ಚನ್ನೂ ಬೇರ್ಪಡಿಸುವ ಪ್ರಶ್ನೆ ಒಂದೇ: ಈ ಹಣ ಖರ್ಚಾಗದಿದ್ದರೆ ಮಷಿನ್ ತನ್ನ ಜಾಗದಲ್ಲಿ ನಿಂತು ಕೆಲಸಕ್ಕೆ ತಯಾರಾಗುತ್ತಿತ್ತೇ? ಇಲ್ಲ ಎಂದಾದರೆ ಅದು ಆಸ್ತಿಯ ಬೆಲೆಗೆ ಸೇರಬೇಕು. ಎಎಸ್ 10 ಎಂಬ ಲೆಕ್ಕಪತ್ರ ಮಾನದಂಡ ಹೇಳುವುದೂ ಇದನ್ನೇ.

ಕಾರವಾರದ ಒಂದು ಐಸ್ ಪ್ಲಾಂಟ್ ಇದೆ ಎಂದುಕೊಳ್ಳಿ. 2025ರ ಮೇ ತಿಂಗಳಲ್ಲಿ ಗುಜರಾತಿನಿಂದ ಹೊಸದಾಗಿ ಒಂದು ಅಮೋನಿಯಾ ಕಂಪ್ರೆಸರ್ ತರಿಸಿದರು. ಬಿಲ್ಲಿನಲ್ಲಿ ನಾಲ್ಕು ಸಾಲು: ಮೋಟಾರ್ ಸಮೇತ ಕಂಪ್ರೆಸರ್ 9,60,000, ಬಿಡಿಭಾಗಗಳು 38,000, ಒಂದು ವರ್ಷದ ಸರ್ವಿಸ್ ಕಾಂಟ್ರಾಕ್ಟ್ 48,000, ಆಪರೇಟರ್‌ಗಳಿಗೆ ತರಬೇತಿ 12,000. ಮೇಲೆ ಶೇ. 18 ಜಿಎಸ್‌ಟಿ.

ಇದರಲ್ಲಿ ಮೊದಲ ಸಾಲು ಮಾತ್ರ ನೇರವಾಗಿ ಆಸ್ತಿ. ಶಾಫ್ಟ್ ಸೀಲ್, ವಾಲ್ವ್ ಪ್ಲೇಟ್, ಗ್ಯಾಸ್ಕೆಟ್‌ನಂಥ ಸಣ್ಣ ಬಿಡಿಭಾಗಗಳು ಸ್ಟಾಕ್‌ಗೆ ಹೋಗಬೇಕು, ಬಳಸಿದಾಗ ಖರ್ಚಾಗಬೇಕು. ಸರ್ವಿಸ್ ಕಾಂಟ್ರಾಕ್ಟ್ ಯಾವ ತಿಂಗಳುಗಳಿಗೆ ಸಂಬಂಧಪಟ್ಟಿದೆಯೋ ಆ ತಿಂಗಳುಗಳ ಖರ್ಚು. ಮಾರ್ಚ್ 31ರ ಆಚೆಗಿನ ಭಾಗ ಮುಂಗಡವಾಗಿ ನಿಲ್ಲಬೇಕು. ತರಬೇತಿಯಲ್ಲಿ ಎಡವುವವರು ಬಹಳ. ಮಷಿನ್ ನಡೆಸಲು ತರಬೇತಿ ಬೇಕೇ ಬೇಕು, ನಿಜ. ಆದರೆ ಕಲಿತದ್ದು ಆಪರೇಟರ್ ಜೊತೆ ಹೋಗುತ್ತದೆ, ಮಷಿನ್ ಜೊತೆ ಉಳಿಯುವುದಿಲ್ಲ. ಮಾನದಂಡವೂ ಸಿಬ್ಬಂದಿ ತರಬೇತಿಯನ್ನು ಆಸ್ತಿಯ ಬೆಲೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಐಸ್ ಮಾರಾಟಕ್ಕೆ ಜಿಎಸ್‌ಟಿ ಇರುವುದರಿಂದ ಕಂಪ್ರೆಸರ್ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಅದನ್ನು ತೆಗೆದುಕೊಂಡ ಮೇಲೆ ಅದೇ ತೆರಿಗೆಯನ್ನು ಬೆಲೆಗೂ ಸೇರಿಸಿ ಸವಕಳಿ ಕೇಳುವಂತಿಲ್ಲ.

ಈಗ ಲಾರಿ ಬಾಡಿಗೆಗೆ ಬರೋಣ. ಕಂಪ್ರೆಸರ್ ಹೊತ್ತ ಲಾರಿ ಕಾರವಾರ ಮುಟ್ಟಲು 64,000 ಬಾಡಿಗೆ. ಐಸ್ ಸಾಗಿಸಿದ ಬಾಡಿಗೆ ದಿನವೂ ಬರೆಯುವ ಕೈ ಇದನ್ನೂ ಅದೇ ಸಾಗಾಟದ ಖಾತೆಗೆ ಹಾಕಿಬಿಡುತ್ತದೆ. ಅದು ಕಂಪ್ರೆಸರ್ ಬೆಲೆಯ ಭಾಗ. ಅದೇ ಲಾರಿಯಲ್ಲಿ ಬಿಡಿಭಾಗಗಳೂ ಬಂದವಲ್ಲ, ಬೆಲೆಯ ಅನುಪಾತದಲ್ಲಿ ಹಂಚಿದರೆ ಅವುಗಳ ಪಾಲು 2,437 ಆಗುತ್ತದೆ, ಉಳಿದ 61,563 ಕಂಪ್ರೆಸರ್‌ಗೆ.

ನಿಜವಾದ ಪೆಟ್ಟು ಬೀಳುವುದು ಬಾಡಿಗೆ ಕೊಟ್ಟ ರೀತಿಯಲ್ಲಿ. ಮುಂಗಡ 40,000 ಬ್ಯಾಂಕಿನಿಂದ ಹೋಯಿತು. ಮಾಲು ಇಳಿಸಿದ ಮೇಲೆ ಬಾಕಿ 24,000ವನ್ನು ನಗದಾಗಿ ಕೊಟ್ಟರು. "ಲಾರಿ ಬಾಡಿಗೆಗೆ 35,000 ತನಕ ಕ್ಯಾಶ್ ನಡೀತದೆ" ಎಂಬುದು ಎಲ್ಲರ ಬಾಯಲ್ಲೂ ಇದೆ. 2025ರ ಈ ಖರೀದಿಗೆ ಅನ್ವಯಿಸುವುದು 1961ರ ಆದಾಯ ತೆರಿಗೆ ಕಾಯ್ದೆ. ಅದರಲ್ಲಿ ಆ ಸಡಿಲಿಕೆ ಇರುವುದು 40ಎ(3)ನೇ ಕಲಮಿನಲ್ಲಿ, ಅಂದರೆ ಖರ್ಚುಗಳಿಗೆ. ಆಸ್ತಿಯ ಬೆಲೆ ನಿರ್ಧರಿಸುವುದು ಅದೇ ಕಾಯ್ದೆಯ 43(1)ನೇ ಕಲಮು. ಅಲ್ಲಿ ಒಬ್ಬರಿಗೆ ಒಂದು ದಿನಕ್ಕೆ 10,000 ಮೀರಿ ನಗದು ಕೊಟ್ಟರೆ ಆ ಹಣವನ್ನು ಬೆಲೆಗೆ ಸೇರಿಸುವ ಹಾಗೇ ಇಲ್ಲ, ಲಾರಿಯವರೆಂದು ವಿನಾಯಿತಿಯೂ ಇಲ್ಲ. ಹಾಗಾಗಿ ಆ 24,000ದಲ್ಲಿ ಕಂಪ್ರೆಸರ್‌ನ ಪಾಲು ಪುಸ್ತಕದಲ್ಲಿ ಆಸ್ತಿಯಾಗಿಯೇ ಕಂಡರೂ ತೆರಿಗೆ ಲೆಕ್ಕದಲ್ಲಿ ಅದಕ್ಕೆ ಸವಕಳಿ ಇಲ್ಲ, ಈ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಲಾರಿ ಗೇಟಿನಲ್ಲಿ ನಿಂತಾಗಲೇ ಫೋನಿನಿಂದ ಟ್ರಾನ್ಸ್‌ಪೋರ್ಟ್‌ನವರ ಖಾತೆಗೆ ಹಣ ಹಾಕಿದ್ದರೆ ತೊಂದರೆಯೇ ಇರಲಿಲ್ಲ. ಆಗಸ್ಟಿನಲ್ಲಿ ಬಿಲ್ ನೋಡುವ ಲೆಕ್ಕಿಗರಿಗೆ ಇದನ್ನು ಸರಿಪಡಿಸಲು ಬರುವುದಿಲ್ಲ.

ಕ್ರೇನ್ 15,000, ಪೈಪ್ ಜೋಡಣೆ ಮತ್ತು ಫಿಟ್ಟರ್‌ಗಳ ಕೂಲಿ 55,000, ಇವೆರಡೂ ಆಸ್ತಿಗೆ. ಫೌಂಡೇಶನ್‌ಗೆ ಒಟ್ಟು 90,000 ಆಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಬೋಲ್ಟ್‌ಗಳ ಅಳತೆ ತಪ್ಪಿ, ಕಂಪ್ರೆಸರ್‌ನ ಬೇಸ್ ಫ್ರೇಮ್‌ನ ತೂತುಗಳಿಗೆ ಹೊಂದದೆ, ಒಂದು ಬದಿಯ ಕಾಂಕ್ರೀಟ್ ಒಡೆದು ಮತ್ತೆ ಹಾಕಿದ್ದಕ್ಕೆ ಹೋದದ್ದು 18,000. ತಪ್ಪಿನಿಂದ ಹಾಳಾದ ಸಿಮೆಂಟು, ಕೂಲಿಯಿಂದ ಮಷಿನ್ನಿನ ಬೆಲೆ ಏರುವುದಿಲ್ಲ. ಅದು ಖರ್ಚು. ಉಳಿದ 72,000 ಆಸ್ತಿ. ಗುತ್ತಿಗೆದಾರರಿಂದ ಬಿಲ್ ತೆಗೆದುಕೊಳ್ಳುವಾಗ "ಸಿವಿಲ್ ಕೆಲಸ" ಎಂದಷ್ಟೇ ಬರೆಸಿಕೊಳ್ಳಬೇಡಿ, "ಕಂಪ್ರೆಸರ್ ಫೌಂಡೇಶನ್" ಎಂದೇ ಬರೆಸಿ. ಮಷಿನ್ನಿನ ಫೌಂಡೇಶನ್ ಜಿಎಸ್‌ಟಿ ಕಾಯ್ದೆಯಲ್ಲಿ ಯಂತ್ರದ ಭಾಗವೇ, ಕ್ರೆಡಿಟ್ ಸಿಗುತ್ತದೆ. ಕಟ್ಟಡ ಕಾಮಗಾರಿ ಎಂದಾದರೆ ಸಿಗುವುದಿಲ್ಲ.

ಮೊದಲ ಸಲ ತುಂಬಿದ ಅಮೋನಿಯಾ ಮತ್ತು ಕಂಪ್ರೆಸರ್ ಆಯಿಲ್‌ಗೆ 26,000. ಅದಿಲ್ಲದೆ ಮಷಿನ್ ತಿರುಗದು, ಹಾಗಾಗಿ ಆಸ್ತಿ. ಟ್ರಯಲ್‌ನ ಕರೆಂಟಿಗೆ 9,000 ಆಯಿತು, ಆ ದಿನಗಳಲ್ಲಿ ಬಂದ ಐಸನ್ನು 4,000ಕ್ಕೆ ಮಾರಿದರು. ಆ 4,000 ಮಾರಾಟದ ಖಾತೆಗೆ ಹೋಗಬಾರದು. ಅದನ್ನು ಕಳೆದು ಉಳಿದ 5,000 ಆಸ್ತಿಗೆ.

ಟ್ರಯಲ್ ಮುಗಿದದ್ದು ಯಾವಾಗ? ಇಡೀ ಲೆಕ್ಕ ನಿಂತಿರುವುದು ಈ ದಿನಾಂಕದ ಮೇಲೆ. ಟ್ಯಾಂಕಿನ ಉಪ್ಪುನೀರು ಬೇಕಾದಷ್ಟು ತಣ್ಣಗಾಗಿ, ಕ್ಯಾನುಗಳಲ್ಲಿ ಐಸ್ ನಡುವಿನವರೆಗೂ ಕಟ್ಟಿ, ಫಿಟ್ಟರ್ ಒಪ್ಪಿದ ದಿನ ಜುಲೈ 12 ಎಂದಿಟ್ಟುಕೊಳ್ಳಿ. ಬೋಟುಗಳು ಕಡಲಿಗಿಳಿಯುವುದು ಆಗಸ್ಟ್ 1ಕ್ಕೆ. ನಡುವಿನ ಹತ್ತೊಂಬತ್ತು ದಿನ ಮಷಿನ್ ಸುಮ್ಮನೆ ನಿಂತಿತ್ತು. ಆಗಿನ ಕರೆಂಟಿನ ಕನಿಷ್ಠ ಶುಲ್ಕ, ಕಾವಲುಗಾರರ ಸಂಬಳವನ್ನು "ಇನ್ನೂ ವ್ಯಾಪಾರ ಶುರುವಾಗಿಲ್ಲ" ಎಂದು ಆಸ್ತಿಗೆ ಸೇರಿಸುವ ರೂಢಿ ಇದೆ. ಸೇರಿಸುವಂತಿಲ್ಲ. ಮಷಿನ್ ತಯಾರಾದ ದಿನಕ್ಕೇ ಆಸ್ತಿ ಖಾತೆಯ ಬಾಗಿಲು ಮುಚ್ಚಿತು, ಗಿರಾಕಿ ಬಂದ ದಿನಕ್ಕಲ್ಲ. ಅದಕ್ಕೇ ಫಿಟ್ಟರ್ ಹೊರಡುವ ಮೊದಲು ದಿನಾಂಕ, ಗೇಜ್‌ನ ಒತ್ತಡ, ಉಪ್ಪುನೀರಿನ ತಾಪಮಾನ ಬರೆದ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ವರ್ಷದ ಕೊನೆಗೆ ಆಡಿಟರ್ ಕೇಳಿದಾಗ ಯಾರ ನೆನಪಿನಲ್ಲೂ ಆ ದಿನ ಉಳಿದಿರುವುದಿಲ್ಲ.

ಹೀಗೆ ಪುಸ್ತಕದಲ್ಲಿ ಕಂಪ್ರೆಸರ್‌ನ ಬೆಲೆ 11,94,563. ತೆರಿಗೆಗೆ ನಗದಿನ ಪಾಲು ಬಿಟ್ಟು ಲೆಕ್ಕ, ಸವಕಳಿ ಶೇ. 15. ಆಗಸ್ಟಿನಿಂದ ಬಳಸಿದ್ದರಿಂದ 180 ದಿನ ದಾಟುತ್ತದೆ, ಪೂರ್ತಿ ದರವೇ ಸಿಗುತ್ತದೆ.

ಇನ್ನು ಸೆಪ್ಟೆಂಬರಿನಲ್ಲಿ ಶಾಫ್ಟ್ ಸೀಲ್ ಸೋರಿತು ಎನ್ನಿ. ಸ್ಟಾಕಿನಿಂದ ಒಂದು ಸೀಲ್ ತೆಗೆದು ಹಾಕಿದರು, ಕಡಿಮೆಯಾದ ಅಮೋನಿಯಾ ತುಂಬಿದರು. ಬಂದವರು ಅದೇ ಫಿಟ್ಟರ್, ತುಂಬಿದ್ದು ಅದೇ ಅಮೋನಿಯಾ, ಬಿಲ್ಲೂ ಜುಲೈ ತಿಂಗಳ ಬಿಲ್ಲಿನ ಹಾಗೇ ಕಾಣುತ್ತದೆ. ಆದರೆ ಈ ಸಲ ಅದು ಪೂರ್ತಿಯಾಗಿ ರಿಪೇರಿ ಖರ್ಚು.