ಇಳಿಯುವ ಅಧ್ಯಕ್ಷರು ಏನು ಹೇಳಿ ಇಳಿಯಬೇಕು?

ಸಕಲೇಶಪುರದ ಕಡೆ ಬೆಳೆಗಾರರ ಸಂಘದ ವಾರ್ಷಿಕ ಸಭೆಗೆ ಒಳ್ಳೆ ಸಮಯ ಅಂದ್ರೆ ಮಳೆ ಕಡಿಮೆಯಾಗಿ, ಅರೇಬಿಕಾ ಕೊಯ್ಲು ಇನ್ನೂ ಶುರುವಾಗದ ದಿನಗಳು. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ ಅಷ್ಟು ಹೊತ್ತಿಗೆ ಆಡಿಟ್ ಆಗಿರುತ್ತದೆ. ಜನಕ್ಕೂ ಸ್ವಲ್ಪ ಪುರುಸೊತ್ತು ಇರುತ್ತದೆ. ಹಳೇ ಅಧ್ಯಕ್ಷರು ಇಳಿಯುವುದು, ಹೊಸಬರು ಬರುವುದು ಎರಡೂ ಆ ಸಭೆಯಲ್ಲೇ.

ನಾನು ಇರುವುದು ಪುಣೆಯಲ್ಲಿ. ತೋಟ ಅಣ್ಣ ನೋಡಿಕೊಳ್ಳುತ್ತಾನೆ. ಊರಿಗೆ ಬಂದಾಗ ಅವನ ಜೊತೆ ಹೋಬಳಿ ಸಂಘದ ಸಭೆಗೆ ಹೋಗುತ್ತೇನೆ. ಪುಣೆಯಲ್ಲಿ ನಮ್ಮ ಬಡಾವಣೆ ಸುತ್ತಮುತ್ತಲಿನ ಕನ್ನಡಿಗರ ಸಣ್ಣ ಬಳಗ ಒಂದಿದೆ, ಅದರ ಸಮಿತಿಯಲ್ಲೂ ಇದ್ದೇನೆ. ಹೀಗೆ ಎರಡೂ ಕಡೆ ಅಧಿಕಾರ ಹಸ್ತಾಂತರದ ಭಾಷಣ ಕೇಳುತ್ತಾ ಬಂದಿದ್ದೇನೆ. ನನಗೆ ಅನಿಸಿದ್ದು ಇಷ್ಟು: ನಮ್ಮೂರಲ್ಲಿ ಇಳಿಯುವವರು ಆಗಿಹೋದದ್ದನ್ನು ಹೇಳುತ್ತಾರೆ, ಬಾಕಿ ಉಳಿದದ್ದನ್ನು ಹೇಳುವುದಿಲ್ಲ. ಪುಣೆಯಲ್ಲಿ ಬಾಕಿ ಎಲ್ಲ ಕಾಗದದಲ್ಲಿ ಇರುತ್ತದೆ, ಆದರೆ ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ.

ನಮ್ಮೂರ ಕಡೆ ಭಾಷಣದ ಮೊದಲ ಭಾಗವೆಲ್ಲ ವೇದಿಕೆ ಮೇಲಿರುವವರ ಹೆಸರಿಗೇ ಹೋಗುತ್ತದೆ. ಶಾಸಕರು, ಮಾಜಿ ಅಧ್ಯಕ್ಷರು, ಹಿರಿಯ ಬೆಳೆಗಾರರು, ಊಟದ ಖರ್ಚು ವಹಿಸಿಕೊಂಡವರು, ಒಬ್ಬರನ್ನೂ ಬಿಡುವಂತಿಲ್ಲ. ಬಿಟ್ಟರೆ ಬೇಜಾರು, ಅದು ನನಗೂ ಗೊತ್ತು. ಆಮೇಲೆ ವರ್ಷದ ಕೆಲಸ. "ಅರಣ್ಯ ಇಲಾಖೆಗೆ ಮನವಿ ಕೊಟ್ಟೆವು, ವಿದ್ಯುತ್ ಕಂಪನಿಗೆ ಮನವಿ ಕೊಟ್ಟೆವು, ಜಿಲ್ಲಾಧಿಕಾರಿಗಳಿಗೆ ಮನವಿ ಕೊಟ್ಟೆವು." ಮನವಿ ಕೊಟ್ಟದ್ದು ಕೆಲಸದ ಆರಂಭ. ಅದಕ್ಕೆ ಸ್ವೀಕೃತಿ ಸಿಕ್ಕಿತಾ, ಉತ್ತರ ಬಂತಾ, ಆಮೇಲೆ ಯಾರಾದರೂ ಹೋಗಿ ವಿಚಾರಿಸಿದರಾ ಅನ್ನುವುದು ಭಾಷಣದಲ್ಲಿ ಬರುವುದಿಲ್ಲ. ಹೊಸ ಅಧ್ಯಕ್ಷರಿಗೆ ಬೇಕಾಗಿರುವುದು ಮಾತ್ರ ಅದೇ.

ಈಚಿನ ಒಂದು ಸಭೆಯಲ್ಲಿ ಇಳಿಯುತ್ತಿದ್ದ ಅಧ್ಯಕ್ಷರು ಇದನ್ನು ಬೇರೆ ಥರ ಮಾಡಿದರು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಬೇರೆ ಸಂಘದವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಅವರು ವರ್ಷದ ಎಲ್ಲಾ ಕೆಲಸ ಓದಲಿಲ್ಲ. ಅದನ್ನು ಅಚ್ಚು ಹಾಕಿಸಿ ಕುರ್ಚಿ ಮೇಲೆ ಇಡಿಸಿದ್ದರು. ಭಾಷಣಕ್ಕೆ ಒಂದೇ ವಿಷಯ ತೆಗೆದುಕೊಂಡರು: ಆನೆಯಿಂದಾದ ಬೆಳೆಹಾನಿಯ ಪರಿಹಾರ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಈ ವಿಷಯ ವಿವರಿಸಬೇಕಾಗಿಲ್ಲ. ರಾತ್ರಿ ಆನೆ ಬಂದು ಬಾಳೆ, ಭತ್ತ, ಕಾಫಿ ಗಿಡ ಮುರಿದು ಹೋದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಫೋಟೊ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಕೊಡಬೇಕು. ಇಲಾಖೆಯವರು ಬಂದು ಸ್ಥಳ ನೋಡಿ ಮಹಜರು ಮಾಡಬೇಕು.

ಅವರು ಹೇಳಿದ್ದು ಹೀಗೆ: "ಸಂಘದ ಮೂಲಕ 41 ಅರ್ಜಿ ಹೋಗಿವೆ. 19 ಜನಕ್ಕೆ ಹಣ ಬಂದಿದೆ. 13 ಅರ್ಜಿ ಕಚೇರಿಯಲ್ಲಿವೆ. 9 ವಾಪಸ್ ಬಂದಿವೆ." ಇಷ್ಟಕ್ಕೆ ನಿಲ್ಲಿಸಲಿಲ್ಲ. ವಾಪಸ್ ಬಂದ ಒಂಬತ್ತನ್ನು ಬಿಡಿಸಿ ಹೇಳಿದರು. ಆರರಲ್ಲಿ ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಇತ್ತು. ಎರಡರಲ್ಲಿ ಹಾನಿಯಾದ ಜಾಗದ ಫೋಟೊ ಇರಲಿಲ್ಲ, ಗಿಡ ಕಡಿದು ತೆಗೆದು ಸ್ವಚ್ಛ ಮಾಡಿದ ಮೇಲೆ ಅರ್ಜಿ ಹಾಕಿದ್ದರು. ಒಂದರಲ್ಲಿ ಪಾಸ್‌ಬುಕ್ಕಿನ ಹೆಸರಿಗೂ ಪಹಣಿಯ ಹೆಸರಿಗೂ ತಾಳೆ ಆಗಲಿಲ್ಲ.

ಈ ಎರಡು ನಿಮಿಷದಲ್ಲಿ ಸಭೆಗೆ ಎಷ್ಟು ತಿಳಿಯಿತು ನೋಡಿ. ತಡ ಇಲಾಖೆಯ ಕಡೆ ಎಷ್ಟು, ನಮ್ಮ ಕಾಗದದ ಕಡೆ ಎಷ್ಟು ಅನ್ನುವುದು ಬೇರೆಯಾಯಿತು. ಹದಿಮೂರಕ್ಕೆ ಸಂಘ ಕಚೇರಿ ಸುತ್ತಬೇಕು. ಒಂಬತ್ತಕ್ಕೆ ಕುಟುಂಬದವರೇ ಮೊದಲು ಕಾಗದ ಸರಿ ಮಾಡಿಸಿಕೊಳ್ಳಬೇಕು. ಸುಮ್ನೆ "ಆನೆ ಪರಿಹಾರಕ್ಕೆ ಶ್ರಮಿಸಿದ್ದೇವೆ" ಅಂದಿದ್ದರೆ ಇದು ಯಾವುದೂ ಗೊತ್ತಾಗುತ್ತಿರಲಿಲ್ಲ.

ಹೊಸ ಅಧ್ಯಕ್ಷರ ಪರಿಚಯವನ್ನೂ ಅವರು ಇಲ್ಲಿಂದಲೇ ಶುರು ಮಾಡಿದರು. ಈ ಸಲ ಬಂದವರು ಒಬ್ಬ ಹೆಣ್ಣುಮಗಳು, ಸಣ್ಣ ಬೆಳೆಗಾರರು, ಹಿಂದಿನ ಸಮಿತಿಯಲ್ಲಿ ಖಜಾಂಚಿ ಆಗಿದ್ದವರು. ನಮ್ಮ ಕಡೆ ಪರಿಚಯ ಅಂದ್ರೆ ಇಂಥವರ ಮಗಳು, ಇಂಥ ಮನೆ ಸೊಸೆ, ಇಷ್ಟು ಎಕರೆ ತೋಟ. ಪುಣೆಯಲ್ಲಾದರೆ ಓದು, ಕಂಪನಿ, ಹುದ್ದೆ. ಎರಡೂ ಆ ವ್ಯಕ್ತಿಗೆ ಮರ್ಯಾದೆ ಕೊಡುತ್ತವೆ, ಸರಿ. ಈ ಸಂಘದ ಕೆಲಸಕ್ಕೆ ಇವರೇ ಯಾಕೆ ಅನ್ನುವುದಕ್ಕೆ ಎರಡರಲ್ಲೂ ಉತ್ತರ ಇರುವುದಿಲ್ಲ. ಇಳಿಯುತ್ತಿದ್ದ ಅಧ್ಯಕ್ಷರು ಹೇಳಿದ್ದು: "ಪಹಣಿ ಹೆಸರಿನ ಕಾರಣಕ್ಕೆ ವಾಪಸ್ ಬಂದ ಆರು ಅರ್ಜಿಗಳಲ್ಲಿ ಎರಡು ಮನೆಯವರಿಗೆ ಪೌತಿ ಖಾತೆ ಮಾಡಿಸಿಕೊಟ್ಟಿದ್ದು ಇವರು. ಮರಣ ಪತ್ರ, ವಂಶವೃಕ್ಷ ಜೋಡಿಸಿಕೊಂಡು ನಾಡಕಚೇರಿಗೆ ಜೊತೆಗೆ ಹೋಗಿದ್ದಾರೆ. ಉಳಿದ ನಾಲ್ಕು ಮನೆಯವರು ಇವತ್ತೇ ಇವರನ್ನು ಮಾತಾಡಿಸಿ."

ಊಟದ ಹೊತ್ತಿಗೆ ಒಬ್ಬರು ಅವರ ಹತ್ತಿರ ಹೋಗಿ, "ಅಕ್ಕಾ, ನಮ್ಮದು ಅಜ್ಜನ ಹೆಸರಲ್ಲೇ ಐತೆ, ಏನೇನು ಕಾಗದ ತರಬೇಕು ಹೇಳಿ" ಅಂತ ಕೇಳುತ್ತಿದ್ದರು. ಪರಿಚಯ ಅಂದ್ರೆ ಹೀಗಿರಬೇಕು ಅಂತ ನನಗೆ ಬಹಳ ಖುಷಿಯಾಯಿತು. ಅವರ ಬಗ್ಗೆ ಹತ್ತು ವಿಶೇಷಣ ಹೇಳಿದ್ದರೂ ಆ ಮನುಷ್ಯ ಎದ್ದು ಬರುತ್ತಿರಲಿಲ್ಲ.

ಇನ್ನು ಪುಣೆಯ ರೀತಿ. ಮಹಾರಾಷ್ಟ್ರದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ ಸಾರ್ವಜನಿಕ ಟ್ರಸ್ಟ್ ಆಗಿಯೂ ನೋಂದಣಿ ಆಗಿರುತ್ತವೆ. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆ ವರದಿ ಕೊಡಬೇಕು. ಎಲ್ಲರೂ ಅದನ್ನು 'ಚೇಂಜ್ ರಿಪೋರ್ಟ್' ಅಂತಲೇ ಕರೆಯುತ್ತಾರೆ. ಸಭೆಯ ನೋಟಿಸು, ಹಾಜರಿ, ನಿರ್ಣಯ, ಇಳಿದವರ ರಾಜೀನಾಮೆ ಅಥವಾ ಅವಧಿ ಮುಗಿದ ವಿವರ, ಬಂದವರ ಒಪ್ಪಿಗೆ, ಎಲ್ಲಾ ಜೋಡಿಸಬೇಕು. ಅದು ದಾಖಲೆಗೆ ಸೇರುವ ತನಕ ಕಚೇರಿಯ ಪುಸ್ತಕದಲ್ಲಿ ಹಳಬರ ಹೆಸರೇ ಇರುತ್ತದೆ. ಹಾಗಾಗಿ ಅಲ್ಲಿ ಇಳಿಯುವವರಿಗೆ ಕಾಗದದ ಶಿಸ್ತು ತಾನಾಗಿ ಬರುತ್ತದೆ. ಏನೇನು ಕೊಟ್ಟೆ, ಏನೇನು ತಗೊಂಡೆ ಅಂತ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುತ್ತಾರೆ.

ಕರ್ನಾಟಕದಲ್ಲೂ ನಿಯಮ ಇಲ್ಲದೇ ಇಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವಾರ್ಷಿಕ ಸಭೆ ಆದ ಮೇಲೆ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಜಿಲ್ಲೆಯ ನೋಂದಣಾಧಿಕಾರಿಗೆ ಹೋಗಬೇಕು. ಆದರೆ ನಮ್ಮೂರಲ್ಲಿ ಇದನ್ನು ಆಡಿಟರ್ ನೋಡಿಕೊಳ್ಳುತ್ತಾರೆ ಅಂತ ಬಿಟ್ಟಿರುತ್ತಾರೆ. ಭಾಷಣದಲ್ಲಿ ಅದರ ಸುದ್ದಿಯೇ ಬರುವುದಿಲ್ಲ.

ಇದರಿಂದ ಆಗುವ ತೊಂದರೆ ಮೊದಲು ಕಾಣುವುದು ಬ್ಯಾಂಕಿನಲ್ಲಿ. ಶಾಲು ಹಾರ ಎಲ್ಲಾ ಹೊಸಬರಿಗೆ ಬಂದಿರುತ್ತದೆ. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಮಾತ್ರ ಹಳಬರ ಹೆಸರಲ್ಲೇ ಇರುತ್ತದೆ. ಸಭೆಯ ನಿರ್ಣಯದ ನಕಲು, ಹೊಸಬರ ಕೆವೈಸಿ ಕೊಡದೆ ಬ್ಯಾಂಕಿನವರು ಬದಲಾಯಿಸುವುದಿಲ್ಲ. ಅದಕ್ಕಿಂತ ಜಾಸ್ತಿ ಕಾಡುವುದು ಮೊಬೈಲ್ ನಂಬರ್. ಸಂಘದ ಖಾತೆಗೆ, ಆದಾಯ ತೆರಿಗೆ ಲಾಗಿನ್‌ಗೆ ಹಳೇ ಅಧ್ಯಕ್ಷರ ಸ್ವಂತ ನಂಬರ್ ಜೋಡಿಸಿದ್ದರೆ ಒಟಿಪಿ ಅವರಿಗೇ ಹೋಗುತ್ತದೆ. ತೋಟದ ನಡುವೆ ಸಿಗ್ನಲ್ ಇಲ್ಲದ ಜಾಗದಲ್ಲಿ ಅವರಿದ್ದರೆ ಇಲ್ಲಿ ಕೆಲಸ ನಿಂತಿತು ಅಂತಲೇ ಲೆಕ್ಕ. ಸಂಘದ ಹೆಸರಲ್ಲಿ ಒಂದು ಸಿಮ್ ತೆಗೆದುಕೊಂಡು ಕಾರ್ಯದರ್ಶಿ ಹತ್ತಿರ ಇಟ್ಟರೆ ಇದು ಮುಗಿಯುತ್ತದೆ. ಯಾವ್ಯಾವುದಕ್ಕೆ ಯಾರ ನಂಬರ್ ಇದೆ ಅಂತ ಇಳಿಯುವವರು ಬರೆದುಕೊಡಬೇಕು.

ಪುಣೆಯಲ್ಲಿ ಕಾಗದ ಇಷ್ಟು ಗಟ್ಟಿ ಇದ್ದರೂ ನಾವು ಒಂದು ಸಲ ಪೆಟ್ಟು ತಿಂದೆವು. ಇಳಿಯುತ್ತಿದ್ದ ಅಧ್ಯಕ್ಷರು ಭಾಷಣ ಮಾಡಲಿಲ್ಲ, "ವರದಿ ಎಲ್ಲರಿಗೂ ಕಳಿಸಿದ್ದೇವೆ" ಅಂದು ಕೂತರು. ವರದಿಯಲ್ಲಿ ಗ್ರಂಥಾಲಯ ನಿಧಿ 3 ಲಕ್ಷ ಅಂತ ಇತ್ತು. ಬ್ಯಾಂಕಿನಲ್ಲಿ ಇದ್ದದ್ದು 1 ಲಕ್ಷದ 10 ಸಾವಿರ. ಉಳಿದದ್ದು ರಾಜ್ಯೋತ್ಸವದ ವೇದಿಕೆಯಲ್ಲಿ ದಾನಿಗಳು ಕೊಡುತ್ತೇವೆ ಅಂತ ಒಪ್ಪಿಕೊಂಡ ಮೊತ್ತ. ಯಾರೂ ಮೋಸ ಮಾಡಿರಲಿಲ್ಲ. ಬಂದ ಹಣ, ಬರುವ ಹಣ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು, ಅಷ್ಟೇ. ಹೊಸ ಸಮಿತಿ ಆ 3 ಲಕ್ಷ ನಂಬಿಕೊಂಡು ಕಪಾಟುಗಳಿಗೆ ಮುಂಗಡ ಕೊಟ್ಟಿತು. ಆಮೇಲೆ ಒಪ್ಪಿಕೊಂಡವರ ಮನೆ ಮನೆಗೆ ಅಲೆದಾಟ. ಯಾರು ಎಷ್ಟು ಒಪ್ಪಿದ್ದರು ಅನ್ನುವುದು ಹಳೇ ಅಧ್ಯಕ್ಷರ ನೆನಪಿನಲ್ಲಿ ಮಾತ್ರ ಇತ್ತು. ಭಾಷಣದಲ್ಲಿ ಅವರು ಈ ನಿಧಿಯ ಬಗ್ಗೆ ಎರಡು ಮಾತಾಡಿದ್ದರೂ ಯಾರಾದರೂ ಎದ್ದು ಕೇಳುತ್ತಿದ್ದರು, ಅಲ್ವಾ? ಓದಲಿಕ್ಕೆ ಕಳಿಸಿದ ವರದಿಗೆ ಎದ್ದು ನಿಂತು ಪ್ರಶ್ನೆ ಕೇಳುವವರು ಕಡಿಮೆ.

ಇಂಥದ್ದನ್ನು ಹಿಡಿಯಲು ಕಷ್ಟವಿಲ್ಲ. ದೊಡ್ಡ ಮೊತ್ತ ಹೇಳಿದಾಗ ಅದರ ಠೇವಣಿ ರಸೀದಿ ಅಥವಾ ಪಾಸ್‌ಬುಕ್ಕಿನ ಬಾಕಿ ಯಾವ ತಾರೀಕಿನದು ಅಂತ ಕೇಳಿದರೆ ಸಾಕು. ಆಡಿಟ್ ಆದ ಲೆಕ್ಕ ಮಾರ್ಚ್ 31ರದು. ಸಭೆ ಸೆಪ್ಟೆಂಬರಿನಲ್ಲಿ ನಡೆದರೆ ನಡುವಿನ ತಿಂಗಳುಗಳ ಖರ್ಚು ಅದರಲ್ಲಿ ಇರುವುದಿಲ್ಲ. ಇಳಿಯುವವರು ಮಾರ್ಚಿನ ಬಾಕಿಯ ಜೊತೆ ಇವತ್ತಿನ ಬಾಕಿಯನ್ನೂ ಹೇಳಬೇಕು.

ನಮ್ಮೂರ ಭಾಷಣಕ್ಕೆ ಇರುವ ದೊಡ್ಡ ಬಲ ಅಂದ್ರೆ ಜನ ಕೇಳುತ್ತಾರೆ. ಹೇಳುವವರ ಮುಖ ಗೊತ್ತು, ತೋಟ ಗೊತ್ತು, ಕಷ್ಟ ಗೊತ್ತು. ಆ ಗಮನವನ್ನು ಮನವಿಗಳ ಪಟ್ಟಿಗೆ ಕಳೆಯಬಾರದು. ಪುಣೆಯವರ ಸಹಿ ಮಾಡಿದ ಪಟ್ಟಿ ಇರಲಿ. ಅದರಲ್ಲಿ ಬಾಕಿ ಇರುವ ಎರಡು ಮೂರು ಕೆಲಸಗಳನ್ನು ಮಾತ್ರ ಬಾಯಲ್ಲಿ ಹೇಳಿ, ಹೊಸಬರನ್ನು ಆ ಕೆಲಸಗಳ ಮೂಲಕವೇ ಪರಿಚಯಿಸಿದರೆ ಹದಿನೈದು ನಿಮಿಷ ಧಾರಾಳವಾಯಿತು. ಹೇಳುವುದನ್ನು ಶಾಲು, ಪೇಟ, ಹಣ್ಣಿನ ಬುಟ್ಟಿಗಿಂತ ಮುಂಚೆ ಹೇಳಬೇಕು. ಸನ್ಮಾನ ಶುರುವಾದ ಮೇಲೆ ಹಿಂದಿನ ಸಾಲಿನವರು ಊಟಕ್ಕೆ ಏಳುತ್ತಾರೆ.

ಆ ಅಧ್ಯಕ್ಷರು ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದರು. ಆ ಹದಿಮೂರು ಅರ್ಜಿಗಳ ಕಡತದ ಜೊತೆ ಹೊಸ ಅಧ್ಯಕ್ಷರನ್ನು ಕರೆದುಕೊಂಡು ಮುಂದಿನ ವಾರ ವಲಯ ಕಚೇರಿಗೆ ತಾವೂ ಹೋಗುವುದಾಗಿ ಎಲ್ಲರ ಎದುರು ಹೇಳಿದರು. ಇಳಿದ ಅಧ್ಯಕ್ಷರನ್ನು ಒಂದು ವರ್ಷ ಸಮಿತಿಯಲ್ಲಿ ಉಳಿಸಿಕೊಳ್ಳುವ ಪದ್ಧತಿ ಎಷ್ಟೋ ಸಂಘಗಳ ಬೈಲಾದಲ್ಲೇ ಇದೆ. ಅದು ಹೀಗೆ ಬಳಕೆಗೆ ಬರಬೇಕು. ಪುಣೆಯ ನಮ್ಮ ಬಳಗದ ಅಧ್ಯಕ್ಷರ ಅವಧಿ ಈ ಸಲ ಮುಗಿಯುತ್ತದೆ. ಬಾಕಿ ಕೆಲಸದ ಪಟ್ಟಿ ಮಾಡಲು ಅವರ ಜೊತೆ ಈಗಲೇ ಕೂತಿದ್ದೇನೆ, ಅದನ್ನು ಸಭೆಯಲ್ಲಿ ಕನ್ನಡದಲ್ಲಿ ನಿಂತು ಹೇಳಲು ಅವರು ಒಪ್ಪಿದ್ದಾರೆ.