ತಪ್ಪು ಸ್ವಭಾವದ್ದೋ ಸಂದರ್ಭದ್ದೋ: ನಮ್ಮ ಉತ್ತರವನ್ನು ಸಂಸ್ಕೃತಿ ನಿರ್ಧರಿಸುತ್ತದೆಯೇ?

ಬೇರೆಯವರ ನಡತೆಗೆ ಕಾರಣ ಹೇಳುವಾಗ ಅವರ ಪರಿಸ್ಥಿತಿಯನ್ನು ಮರೆತು ಎಲ್ಲವನ್ನೂ ಸ್ವಭಾವದ ತಲೆಗೆ ಕಟ್ಟುವುದನ್ನು ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ 'ಮೂಲಭೂತ ಆರೋಪಣ ದೋಷ' ಎಂದು ಕರೆದರು. ಅದು ಎಲ್ಲ ಮನುಷ್ಯರದೋ, ಕೆಲವು ಸಮಾಜಗಳು ಕಲಿಸಿದ್ದೋ?

ಪರ: ಇದು ಬೆಳೆಯುತ್ತಾ ಕಲಿತ ನೋಟ

ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಸಿಡಿಯಿತು. ಹಿಂಬದಿ ಸವಾರ ಜಿಗಿದು ಬಿದ್ದ. ತಲೆ ರಸ್ತೆಗೆ ಬಡಿಯಿತು. ಗಾಡಿ ಓಡಿಸುತ್ತಿದ್ದವರು ವಕೀಲರು, ಕೋರ್ಟಿಗೆ ಹೊರಟಿದ್ದರು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದರು. ಪೆಟ್ಟು ಎಂಥದ್ದೆಂದು ವೈದ್ಯರನ್ನು ವಿಚಾರಿಸದೆ ಕೋರ್ಟಿಗೆ ಹೋದರು. ಗಾಯಾಳು ಉಳಿಯಲಿಲ್ಲ.

ಜೋನ್ ಮಿಲ್ಲರ್ ಮೈಸೂರಿನ ಹಿಂದೂಗಳನ್ನೂ ಷಿಕಾಗೋದ ಅಮೆರಿಕನ್ನರನ್ನೂ ಹೋಲಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಘಟನೆ ಬರುತ್ತದೆ. ವಕೀಲರು ಹೀಗೇಕೆ ಮಾಡಿದರು ಎಂಬ ಪ್ರಶ್ನೆಗೆ ಅಮೆರಿಕದ ಒಬ್ಬರು ಹೇಳಿದ ಮೊದಲ ಕಾರಣ, ಆತ ಹೊಣೆಗೇಡಿ. ಇಲ್ಲಿನ ಒಬ್ಬರು ಹೇಳಿದ್ದು ಬೇರೆ: ಕಕ್ಷಿದಾರನಿಗಾಗಿ ಕೋರ್ಟಿನಲ್ಲಿರುವುದು ಅವರ ಕರ್ತವ್ಯ, ಗಾಬರಿಯೂ ಆಗಿರಬಹುದು, ಗಾಯ ಮೇಲ್ನೋಟಕ್ಕೆ ಅಷ್ಟು ಗಂಭೀರವಾಗಿ ಕಂಡಿರಲಿಕ್ಕಿಲ್ಲ. ತಪ್ಪನ್ನು ಇಬ್ಬರೂ ಒಂದೇ ದೂರದಿಂದ ನೋಡುತ್ತಿದ್ದರು. ಆದರೆ ಒಬ್ಬರಿಗೆ ವಕೀಲರ ಗುಣ ಕಂಡಿತು, ಇನ್ನೊಬ್ಬರಿಗೆ ವಕೀಲರನ್ನು ಎರಡು ಕಡೆಯಿಂದ ಎಳೆಯುತ್ತಿದ್ದ ಆ ಬೆಳಗ್ಗೆ ಕಂಡಿತು.

ನಮ್ಮ ಊರಿನ ಪದ್ಧತಿ ನಮಗೆ ಗೊತ್ತು, ಅದಕ್ಕೇ ಸಂದರ್ಭ ಹೊಳೆಯಿತು ಎಂದು ಕೆಲವರು ವಾದಿಸುತ್ತಾರೆ. ಆದರೆ ಎರಡೂ ಕಡೆಯವರು ತಮ್ಮ ಪರಿಚಿತರ ಘಟನೆಗಳನ್ನೂ ವಿವರಿಸಿದ್ದರು. ಅಮೆರಿಕನ್ನರಿಗೆ ತಮ್ಮ ನೆರೆಹೊರೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಅಲ್ಲಿನ ವಯಸ್ಕರು ಕೊಟ್ಟ ಕಾರಣಗಳಲ್ಲಿ ಶೇಕಡಾ 40ರಷ್ಟು ಸ್ವಭಾವದವು; ಮೈಸೂರಿನವರಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ.

ನನ್ನನ್ನು ಪೂರ್ತಿ ಒಪ್ಪಿಸಿದ್ದು ಮಕ್ಕಳ ಉತ್ತರಗಳು. ಎಂಟು, ಹನ್ನೊಂದರ ವಯಸ್ಸಿನಲ್ಲಿ ಎರಡೂ ಊರಿನ ಮಕ್ಕಳು ಹೆಚ್ಚುಕಡಿಮೆ ಒಂದೇ ರೀತಿ ಉತ್ತರಿಸಿದರು. ವಯಸ್ಸು ಏರಿದಂತೆ ಷಿಕಾಗೋದವರು ಸ್ವಭಾವದ ಕಡೆಗೂ ಮೈಸೂರಿನವರು ಸಂದರ್ಭದ ಕಡೆಗೂ ಸರಿದರು. ಹುಟ್ಟಿನಿಂದ ಬಂದ ದೋಷವಾಗಿದ್ದರೆ ಮಕ್ಕಳಲ್ಲೇ ಎದ್ದು ಕಾಣಬೇಕಿತ್ತು.

ವಿರೋಧ: ಬದಲಾಗುವುದು ಯಾರಿಗೆ ರಿಯಾಯಿತಿ ಎಂಬುದು

ಮಿಲ್ಲರ್ ಅವರ ಅಧ್ಯಯನದ ಬಗ್ಗೆ ನನಗೆ ಗೌರವವಿದೆ. ಆದರೆ ಜನ ಬಾಯಲ್ಲಿ ಹೇಳುವ ಕಾರಣ ಒಂದು, ಮನಸ್ಸು ಥಟ್ಟನೆ ಕಟ್ಟಿಕೊಳ್ಳುವ ತೀರ್ಪು ಇನ್ನೊಂದು. ಈ ಎರಡನೆಯದನ್ನು ಅಳೆಯುವ ಹಳೆಯ ಪ್ರಯೋಗ 1967ರದು. ಫಿಡೆಲ್ ಕ್ಯಾಸ್ಟ್ರೋ ಪರ ಪ್ರಬಂಧ ಬರೆಯಲೇಬೇಕೆಂದು ಬರೆದವನಿಗೆ ಮೊದಲೇ ಸೂಚಿಸಲಾಗಿತ್ತು ಎಂದು ತಿಳಿಸಿದರೂ, ಓದಿದ ಅಮೆರಿಕನ್ ವಿದ್ಯಾರ್ಥಿಗಳು ಅವನನ್ನು ಒಂದಿಷ್ಟಾದರೂ ಕ್ಯಾಸ್ಟ್ರೋ ಪರ ಎಂದೇ ಎಣಿಸಿದರು. ಇಂಥದೇ ಪ್ರಯೋಗವನ್ನು ಚೋಯ್ ಮತ್ತು ನಿಸ್ಬೆಟ್ ಕೊರಿಯನ್ನರನ್ನೂ ಅಮೆರಿಕನ್ನರನ್ನೂ ಹೋಲಿಸಿ ಮಾಡಿ 1998ರಲ್ಲಿ ಪ್ರಕಟಿಸಿದಾಗ ಕೊರಿಯನ್ನರೂ ಅದೇ ತಪ್ಪು ಮಾಡಿದ್ದರು. ಅದೇ ಒತ್ತಾಯದಲ್ಲಿ ತಾವೂ ಪ್ರಬಂಧ ಬರೆದು ನೋಡಿದ ಮೇಲೆ ಕೊರಿಯನ್ನರ ತಪ್ಪು ತಗ್ಗಿತು, ಅಮೆರಿಕನ್ನರದು ತಗ್ಗಲಿಲ್ಲ. ಸಂಸ್ಕೃತಿಯ ಪಾತ್ರವನ್ನು ನಾನು ಅಷ್ಟರಮಟ್ಟಿಗೆ ಒಪ್ಪುತ್ತೇನೆ: ಅದು ತಿದ್ದಿಕೊಳ್ಳಲು ನೆರವಾಗುತ್ತದೆ. ಮೊದಲ ಎಡವು ಇಬ್ಬರಿಗೂ ಸಮಾನ.

'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆ ನಮ್ಮದೇ ತಾನೆ? ನನ್ನ ಅಜ್ಜಿಯ ಮನೆಯಲ್ಲಿ ಮಾವ ಸಾಲ ತೀರಿಸದಿದ್ದರೆ ಮಳೆ ಕೈಕೊಟ್ಟಿತು ಎನ್ನುತ್ತಿದ್ದರು. ಒಕ್ಕಲು ಮನೆಯವರು ತೀರಿಸದಿದ್ದರೆ 'ಆ ಜನರ ಬುದ್ಧಿಯೇ ಅಷ್ಟು' ಎನ್ನುತ್ತಿದ್ದರು. ಮಳೆ ಇಬ್ಬರ ಹೊಲಕ್ಕೂ ಬಂದಿರಲಿಲ್ಲ.

ಮಿಲ್ಲರ್‌ಗಿಂತ ಹತ್ತು ವರ್ಷ ಮೊದಲು, 1974ರಲ್ಲಿ, ಟೇಲರ್ ಮತ್ತು ಜಗ್ಗಿ ದಕ್ಷಿಣ ಭಾರತದ ಮೂವತ್ತು ಹಿಂದೂ ಗುಮಾಸ್ತರ ಮುಂದೆ ಚಿಕ್ಕ ಚಿಕ್ಕ ಸನ್ನಿವೇಶಗಳನ್ನಿಟ್ಟ ಅಧ್ಯಯನವನ್ನು ಪ್ರಕಟಿಸಿದರು. ಒಂದರಲ್ಲಿ ಅಂಗಡಿಯವನು ಉದಾರವಾಗಿ ನಡೆದುಕೊಳ್ಳುತ್ತಾನೆ ಅಥವಾ ಮೋಸ ಮಾಡುತ್ತಾನೆ. ಅವನು ಹಿಂದೂ ಅಥವಾ ಮುಸ್ಲಿಂ. ಹಿಂದೂವಿನ ಒಳ್ಳೆಯ ನಡತೆಗೆ ಗುಮಾಸ್ತರು ಹೆಚ್ಚಾಗಿ ಗುಣವನ್ನು ಕಾರಣವಾಗಿಸಿದರು, ಕೆಟ್ಟ ನಡತೆಗೆ ಪರಿಸ್ಥಿತಿಯನ್ನು. ಮುಸ್ಲಿಂ ಅಂಗಡಿಯವನ ವಿಷಯದಲ್ಲಿ ಒಲವು ತಿರುಗುಮುರುಗಾಯಿತು. ಎಂದರೆ ಸಂದರ್ಭವನ್ನು ಕಾಣುವ ಕಣ್ಣು ನಮಗಿದೆ, ಆದರೆ ಅದನ್ನು ಎಲ್ಲರ ಮೇಲೂ ಸಮನಾಗಿ ಹಾಯಿಸುವುದಿಲ್ಲ.

ಆದ್ದರಿಂದ ಮೈಸೂರಿನ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕೆಂದು ನನ್ನ ಆಸೆ, ಒಂದೇ ಒಂದು ಬದಲಾವಣೆಯೊಂದಿಗೆ: ವಕೀಲರ ಹೆಸರು ಕೇಳಿದೊಡನೆ ಅವರು ನಮ್ಮವರಲ್ಲ ಎಂದು ಗೊತ್ತಾಗಬೇಕು. ಆಗಲೂ ಕರ್ತವ್ಯ, ಗಾಬರಿ, ಮೇಲ್ನೋಟಕ್ಕೆ ಕಾಣದ ಗಾಯ ಎಂಬ ಉತ್ತರಗಳೇ ಬಂದರೆ ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ.