ಗೊಂಬೆಯ ತುದಿಯ ಫೋಟೋ ಕೇಳಿ

ಹೋದ ತಿಂಗಳು ಪುಣೆಯಲ್ಲಿರುವ ನನ್ನ ತಂಗಿ ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಕಳಿಸಿದಳು. ಮಗುವಿಗೆ ಕೊಡೋ ಗಿಲಕಿ. ನಡುವೆ ಹಿಡಿಕೆ, ಎರಡು ಕಡೆ ಗುಂಡು, ಹಳದಿ, ಕೆಂಪು, ಹಸಿರು ಪಟ್ಟಿಗಳು. ಆನ್‌ಲೈನ್ ಅಂಗಡಿಯವರು ‘ಅಸಲಿ ಚನ್ನಪಟ್ಟಣ ಗೊಂಬೆ’ ಅಂತ ಹಾಕಿದ್ದರು. “ಅಣ್ಣ, ಇದು ನಮ್ಮೂರದ್ದೇ ಅಲ್ವಾ? ನೋಡು, ಮರದ ಗೆರೆ ಎಷ್ಟು ಚೆನ್ನಾಗಿ ಕಾಣ್ತಿದೆ” ಅಂತ ಕೇಳಿದಳು.

ಆ ಮರದ ಗೆರೆ ನೋಡಿಯೇ ನನಗೆ ಅನುಮಾನ ಬಂತು.

ಚನ್ನಪಟ್ಟಣದ ಗೊಂಬೆಗೆ ಬಳಸೋದು ಹೆಚ್ಚಾಗಿ ಹಾಲೆ ಮರ. ಆ ಮರ ದಂತದ ಹಾಗೆ ಬೆಳ್ಳಗಿರುತ್ತದೆ. ಎಳೆ ತುಂಬಾ ಸಣ್ಣದು, ತೇಗದಲ್ಲಿ ಕಾಣೋ ಥರ ದಪ್ಪ ಗೆರೆಗಳು ಅದರಲ್ಲಿ ಇರೋದೇ ಇಲ್ಲ. ಅದರ ಮೇಲೆ ಬಣ್ಣದ ಅರಗು ಕೂತ ಮೇಲಂತೂ ಗೆರೆ ಕಾಣೋದು ಇನ್ನೂ ಕಷ್ಟ. ಹಾಗಾಗಿ ಗೆರೆ ಕಾಣಲಿಲ್ಲ ಅಂತ ಅಸಲಿ ಗೊಂಬೆಯನ್ನು ಪ್ಲಾಸ್ಟಿಕ್ ಅಂದುಕೊಳ್ಳೋರೂ ಇದ್ದಾರೆ. ಕೆಂಪು ಬಣ್ಣದ ಗುಂಡಿನ ಮೇಲೆ ಕಂದು ಗೆರೆಗಳು ಎದ್ದು ಕಾಣ್ತಿವೆ ಅಂದರೆ, ಮರ ಅಂತ ನಂಬಿಸೋಕೆ ಯಾರೋ ಆ ಗೆರೆಗಳನ್ನು ಮೇಲೆ ಮುದ್ರಿಸಿದ್ದಾರೆ ಅಂತಲೇ ನಾನು ಮೊದಲು ಯೋಚಿಸುತ್ತೇನೆ.

ನಾನು ಬೆಳೆದ ಬೀದಿಯಲ್ಲಿ ಪಕ್ಕದ ಮನೆಯವರದ್ದು ಒಂದು ಲೇತ್ ಇತ್ತು. ಶಾಲೆಯಿಂದ ಬಂದವನು ಅಲ್ಲೇ ಕೂರುತ್ತಿದ್ದೆ. ತಿರುಗುವ ಮರಕ್ಕೆ ಮೊದಲು ಉಳಿ ಕೊಟ್ಟು ಆಕಾರ ತರುತ್ತಾರೆ, ಉಪ್ಪುಕಾಗದ ಹಿಡಿಯುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಒಣಗಿದ ಕೇದಗೆ ಗರಿಯ ತುಂಡು ಹಿಡಿದರೆ ಅರಗು ಎಲ್ಲ ಕಡೆ ಒಂದೇ ಸಮ ಹರಡಿ ಹೊಳಪು ಬರುತ್ತದೆ. ಇದರಲ್ಲಿ ಎಲ್ಲೂ ಬ್ರಷ್ ಇಲ್ಲ. ಬ್ರಷ್ ಬರೋದು ಗೊಂಬೆಯ ಕಣ್ಣು, ಬಾಯಿ, ಕುಂಕುಮ ಬರೆಯುವಾಗ ಮಾತ್ರ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣ ಇದೆ. ಗೊಂಬೆ ತಿರುಗುತ್ತಾ ಹುಟ್ಟಿದ್ದು, ಅದಕ್ಕೇ ಅದರ ಮೇಲಿನ ಗುರುತುಗಳೆಲ್ಲ ಬಳೆಯ ಹಾಗೆ ಸುತ್ತಲೂ ಇರುತ್ತವೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಸಣ್ಣ ಸಣ್ಣ ಸುತ್ತು ಗೆರೆಗಳು ಕಾಣುತ್ತವೆ. ಎರಡು ಬಣ್ಣ ಸೇರೋ ಕಡೆ ಉಳಿಯಿಂದ ಕೊರೆದ ಸಣ್ಣ ಗೀರು ಇರಬಹುದು. ಆ ಗೀರಿನ ಮೂಲೆಗೆ ಅರಗು ಸರಿಯಾಗಿ ಇಳಿಯದೆ ಬೆಳ್ಳಗಿನ ಮರ ಒಂದು ಎಳೆಯಷ್ಟು ಇಣುಕುತ್ತಿರುತ್ತದೆ. ಕೆಲವು ಕಡೆ ಒಂದು ಬಣ್ಣ ಇನ್ನೊಂದರ ಮೇಲೆ ಕೂದಲೆಳೆಯಷ್ಟು ಹತ್ತಿರುತ್ತದೆ. ಇದನ್ನು ತಪ್ಪು ಅಂದುಕೊಳ್ಳಬೇಡಿ. ಕೈ ಕೆಲಸ ಅಂದರೆ ಹೀಗೇ ಇರುತ್ತದೆ.

ಪ್ಲಾಸ್ಟಿಕ್ ಹುಟ್ಟೋದು ಅಚ್ಚಿನಲ್ಲಿ. ಅಚ್ಚಿಗೆ ಎರಡು ಹೋಳು. ಅವು ಕೂಡುವ ಕಡೆ ಒಂದು ಗೆರೆ ಉಳಿಯುತ್ತದೆ, ಅದು ಸಾಮಾನ್ಯವಾಗಿ ಗೊಂಬೆಯ ಉದ್ದಕ್ಕೂ ತಲೆಯಿಂದ ಬುಡದವರೆಗೆ ಹೋಗುತ್ತದೆ. ಮೇಲೆ ಬಣ್ಣ ಹೊಡೆದರೂ ಬೆಳಕು ಓರೆಯಾಗಿ ಬಿದ್ದಾಗ ಆ ಗೆರೆ ಗೊತ್ತಾಗುತ್ತದೆ. ತಂಗಿ ಕಳಿಸಿದ ಎರಡನೇ ಫೋಟೋದಲ್ಲಿ ಹಾಗೇ ಆಯಿತು. ಹಿಡಿಕೆಯ ಮೇಲೆ ಕಿಟಕಿಯ ಬೆಳಕು ಹೊಳೆಯುತ್ತಿತ್ತು. ಆ ಹೊಳಪು ಒಂದು ಕಡೆ ಚೂರು ಮುರಿದ ಹಾಗೆ ಕಂಡಿತು. ದೊಡ್ಡದು ಮಾಡಿದೆ. ಉದ್ದಕ್ಕೂ ಒಂದು ಏಣು, ಗುಂಡಿನ ಮೇಲೂ ಅದೇ ಸಾಲಿನಲ್ಲಿ ಮುಂದುವರಿದಿತ್ತು.

ಗಿಲಕಿಯಲ್ಲಿ ಕೂಡಿಕೆ ನೋಡೋದು ಇನ್ನೂ ಸುಲಭ. ಒಳಗೆ ಕಾಳೋ ಮಣಿಯೋ ಹಾಕಬೇಕಲ್ವಾ? ಮರದ ಗುಂಡನ್ನು ಒಳಗೆ ಟೊಳ್ಳು ಮಾಡಿ, ಕಾಳು ಹಾಕಿ, ಮರದ್ದೇ ಮುಚ್ಚಳ ಅಂಟಿಸುತ್ತಾರೆ. ಆ ಕೂಡಿಕೆ ಕೂಡ ಸುತ್ತಲೂ ಬರುತ್ತದೆ. ಪ್ಲಾಸ್ಟಿಕ್‌ನಲ್ಲಿ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿದ ಹಾಗೆ ಎರಡು ಹೋಳು ಮಾಡಿ ಕೂಡಿಸೋದೇ ಜಾಸ್ತಿ. ಎಳೆಯುವ ಗಾಡಿಯಾದರೆ ಚಕ್ರದ ನಡುವಿನ ತೂತು ನೋಡಿ. ಮರದ್ದಾದರೆ ತೂತಿನ ಅಂಚಿನಲ್ಲಿ ಬಣ್ಣವಿಲ್ಲದ ಮರ ಕಾಣಬಹುದು, ಮರದ ಕಡ್ಡಿಯನ್ನು ತೂರಿಸಿ ಅಂಟಿಸಿರುತ್ತಾರೆ. ಚಕ್ರದ ಹಿಂಬದಿ ಟೊಳ್ಳಾಗಿ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಪಟ್ಟಿಗಳಿದ್ದರೆ ಅದು ಅಚ್ಚಿನದ್ದೇ.

ಆದರೆ ಇದೆಲ್ಲಕ್ಕಿಂತ ನಾನು ನಂಬೋದು ತುದಿಯ ಫೋಟೋವನ್ನು. ಲೇತ್‌ನಲ್ಲಿ ಮರವನ್ನು ತುದಿಯಲ್ಲೇ ಹಿಡಿದಿರುತ್ತಾರೆ. ಕೊನೆಗೆ ಅಲ್ಲೇ ಕತ್ತರಿಸಿ ಬಿಡಿಸುತ್ತಾರೆ. ಹಾಗಾಗಿ ಆ ಜಾಗದಲ್ಲಿ ಅರಗು ತೆಳ್ಳಗೆ ಇರಬಹುದು, ಇಲ್ಲದೆಯೂ ಇರಬಹುದು. ಮರದ ಅಡ್ಡ ಕೊಯ್ತ ಕಾಣುತ್ತದೆ, ನಡುವೆ ಒಂದು ಸಣ್ಣ ಚುಕ್ಕೆ ಉಳಿದಿರುತ್ತದೆ. ಪ್ಲಾಸ್ಟಿಕ್‌ನ ತುದಿಯಲ್ಲಿ ಪ್ಲಾಸ್ಟಿಕ್ ಸುರಿದ ಜಾಗದ ಸಣ್ಣ ಉಬ್ಬು, ಅಚ್ಚಿನಿಂದ ತಳ್ಳಿದ ದುಂಡು ಗುರುತು, ಇಲ್ಲವೇ ಸ್ಕ್ರೂ ತೂತು ಇರುತ್ತದೆ. ನಾಲ್ಕು ಫೋಟೋದಲ್ಲಿ ಒಂದರಲ್ಲೂ ತುದಿ ಇರಲಿಲ್ಲ. “ಎರಡು ತುದಿಯ ಫೋಟೋ ಕೇಳು, ಹಗಲು ಬೆಳಕಲ್ಲಿ ತೆಗೆದದ್ದು” ಅಂದೆ.

ಅಷ್ಟರಲ್ಲಿ ತಂಗಿ ಮುದ್ರೆಯ ವಿಷಯ ಎತ್ತಿದಳು. “ಡಬ್ಬಿ ಮೇಲೆ ಐಎಸ್‌ಐ ಇದೆಯಲ್ಲ ಅಣ್ಣ, ಅಂದರೆ ಅಸಲಿ ತಾನೆ?” ಇಲ್ಲಿ ಬಹಳ ಜನ ಎಡವುತ್ತಾರೆ. ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದು ಹೇಳೋದು ಸುರಕ್ಷತೆಯ ಮಾತು. ಪ್ಲಾಸ್ಟಿಕ್ ಗೊಂಬೆಗೂ ಅದು ಸಿಗುತ್ತದೆ. ಸರ್ಕಾರದಲ್ಲಿ ಕರಕುಶಲಕರ್ಮಿ ಅಂತ ನೋಂದಾಯಿಸಿಕೊಂಡವರು ತಾವೇ ಮಾಡಿ ಮಾರುವ ಗೊಂಬೆಗೆ, ಒಂದು ಊರಿನ ಹೆಸರಿಗೆ ಅಂಟಿಕೊಂಡ ಸರಕಿಗೆ ಸಿಗೋ ಜಿಐ ಹಕ್ಕು ಇರುವವರು ಮಾಡುವ ಗೊಂಬೆಗೆ ಈ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಐಎಸ್‌ಐ ಇಲ್ಲದ ಗೊಂಬೆ ಅಪ್ಪಟ ಚನ್ನಪಟ್ಟಣದ್ದೇ ಆಗಿರಬಹುದು, ಇರುವ ಗೊಂಬೆ ಪೂರ್ತಿ ಪ್ಲಾಸ್ಟಿಕ್ ಆಗಿರಬಹುದು.

ಜಿಐ ಮುದ್ರೆ ಬೇರೆ. ಚನ್ನಪಟ್ಟಣದ ಗೊಂಬೆಗೆ ಅದು ನಿಜವಾಗಿಯೂ ಸಿಕ್ಕಿದೆ. ಆದರೆ ಜಾಹೀರಾತಿನ ಫೋಟೋದ ಮೂಲೆಗೆ ಜಿಐ ಚಿತ್ರ ಅಂಟಿಸೋದು ಯಾರಿಗೂ ಕಷ್ಟವಲ್ಲ. ಗೊಂಬೆಯ ಮೇಲೋ ಅದರ ಚೀಟಿಯ ಮೇಲೋ ಮುದ್ರೆ ಇದ್ದು, ಗೊಂಬೆಯ ಜೊತೆಗೇ ಫೋಟೋ ತೆಗೆದಿದ್ದರೆ ಮಾತ್ರ ನಾನು ಲೆಕ್ಕಕ್ಕೆ ತಗೊಳ್ಳೋದು. ಇನ್ನೊಂದು, ಗೊಂಬೆಯ ಮೈಮೇಲೆಯೇ ಅಕ್ಷರವೋ, ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಇರೋ ಥರದ ಬಾಣದ ತ್ರಿಕೋನವೋ ಉಬ್ಬಿ ನಿಂತಿದೆಯಾ ನೋಡಿ. ತಿರುಗುವ ಮರದಲ್ಲಿ ಉಳಿ ಹಿಡಿದು ಅಕ್ಷರ ಉಬ್ಬಿಸೋಕೆ ಆಗೋದಿಲ್ಲ. ಅದು ಅಚ್ಚಿನ ಕೆಲಸ.

ಫೋಟೋಗೂ ಒಂದು ಮಿತಿ ಇದೆ, ಅದನ್ನೂ ಹೇಳಲೇಬೇಕು. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಜಾತಿಯ ಮರ, ಇದೇ ಅರಗು. ಬರೀ ಫೋಟೋ ನೋಡಿ ಎರಡನ್ನೂ ಬೇರೆ ಮಾಡಲು ನನ್ನಿಂದ ಆಗುವುದಿಲ್ಲ. ಮರದ ಮೇಲೆ ಅರಗಿನ ಬದಲು ಮಾಮೂಲಿ ಪೇಂಟ್ ಸ್ಪ್ರೇ ಮಾಡಿದ್ದರೆ ಅದೂ ಸುಲಭಕ್ಕೆ ಗೊತ್ತಾಗೋದಿಲ್ಲ. ಗೊಂಬೆ ಕೈಗೆ ಬಂದ ಮೇಲೆ ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಬುಡದ ಮೂಲೆಯಲ್ಲಿ ಉಜ್ಜಿ ನೋಡಬಹುದು. ಅರಗು ಸ್ಪಿರಿಟ್‌ಗೆ ಕರಗಿ ಬಣ್ಣ ಹತ್ತಿಗೆ ಬರುತ್ತದೆ. ಕೆಲವು ಪೇಂಟ್‌ಗಳೂ ಬಿಡುತ್ತವೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ಇದೇ ಕಾರಣಕ್ಕೆ ದಯವಿಟ್ಟು ಅರಗಿನ ಗೊಂಬೆಯನ್ನು ಸ್ಯಾನಿಟೈಸರ್‌ನಿಂದ ಒರೆಸಬೇಡಿ. ಬಿಸಿ ನೀರಲ್ಲೂ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆ ಹಿಡಿದರೆ ಸಾಕು.

ತಂಗಿ ತುದಿಯ ಫೋಟೋ ಕೇಳಿದಳು. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಮತ್ತೆ ಮುಂದಿನ ಬದಿಯದ್ದೇ ಇನ್ನೊಂದು ಫೋಟೋ ಬಂತು, ಜೊತೆಗೆ ಹತ್ತು ಪರ್ಸೆಂಟ್ ಕಡಿಮೆ ಮಾಡ್ತೀವಿ ಅನ್ನೋ ಸಂದೇಶ. ಅವಳು ಬೇಡ ಅಂದಳು. ಮುಂದಿನ ವಾರ ನಾನೇ ಊರಿಗೆ ಹೋದಾಗ ಒಂದು ಗಿಲಕಿ ತಂದು ಕೊರಿಯರ್ ಮಾಡಿದೆ. ಅದಕ್ಕೂ ಮೊದಲು ಅದರ ಎರಡು ತುದಿಯ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಒಂದು ತುದಿಯ ನಡುವೆ ಸಾಸಿವೆಯಷ್ಟು ಬೆಳ್ಳಗಿನ ಚುಕ್ಕೆ ಇತ್ತು, ನಾನು ಹೇಳಿದ್ದು ಅದನ್ನೇ.